ಪಾನಿಗೆ ಕಳಿಸಿದ ಎರಡು ಸಾಲು

ಖರ್ಚು ಮೊದಲೇ ಹೇಳಿಬಿಡುತ್ತೇನೆ. ಏಳು ಹೂವು, ಒಂದು ಗಸಗಸೆ ಕೇಕು, ಹ್ಯಾರೋದಿಂದ ಗ್ರೀನ್‌ಫರ್ಡಿಗೆ ಹೋಗಿ ಬರುವ ಬಸ್ಸು, ಶನಿವಾರ ಮಧ್ಯಾಹ್ನದ ವ್ಯಾಪಾರ, ಮತ್ತು ಒಂದು ರಾತ್ರಿಯ ನಿದ್ದೆ. ಇಷ್ಟೆಲ್ಲ ಹೋದದ್ದು ಎರಡೇ ಸಾಲಿನ ಒಂದು ಸಂದೇಶವನ್ನು ಸರಿಯಾಗಿ ಬರೆಯಲಿಕ್ಕೆ. ಅದಕ್ಕೂ ಮೊದಲು ಕಳಿಸಿದ್ದು ಪುಕ್ಕಟೆ ಇತ್ತು. ತುಟ್ಟಿ ಬಿದ್ದದ್ದು ಆ ಪುಕ್ಕಟೆಯದೇ.

ನನ್ನದು ಇಂಗ್ಲಿಷರ ನಾಡಿನ ಹ್ಯಾರೋದಲ್ಲಿ ಒಂದು ಸಣ್ಣ ಸೀರೆ ಅಂಗಡಿ. ಸೀರೆ ಮಾರುವುದಕ್ಕಿಂತ ಫಾಲ್ ಹಚ್ಚುವುದು, ರವಿಕೆ ಹೊಲಿಸಿಕೊಡುವುದರಿಂದಲೇ ಅದು ನಿಂತಿದೆ. ಸೀರೆಯನ್ನು ಜನ ಊರಿಗೆ ಹೋದಾಗ ತರುತ್ತಾರೆ, ರವಿಕೆಗೆ ಮಾತ್ರ ನನ್ನ ಹತ್ತಿರ ಬರುತ್ತಾರೆ. ಆ ರವಿಕೆಗಳನ್ನು ಹನ್ನೊಂದು ವರ್ಷದಿಂದ ಹೊಲಿಯುತ್ತಿರುವಾಕೆ ಒಬ್ಬ ಪೋಲಿಷ್ ಹೆಂಗಸು. ನನಗಿಂತ ಆರು ವರ್ಷ ದೊಡ್ಡವಳು. ಗ್ರೀನ್‌ಫರ್ಡಿನ ತನ್ನ ಫ್ಲ್ಯಾಟಿನಲ್ಲಿ ಹೊಲಿದು ಮಂಗಳವಾರ, ಶುಕ್ರವಾರ ತಂದುಕೊಡುತ್ತಾಳೆ. ಮೊದಲ ವರ್ಷ ಆಕೆ ಖಣವನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ್ದು ನೆನಪಿದೆ. ಖಣ ಅಗಲ ಕಡಿಮೆ ಇರುವ ಬಟ್ಟೆ. ಅಂಚು ತೋಳಿಗೆ ಬರಬೇಕು, ಚುಕ್ಕಿ ನೆಟ್ಟಗೆ ನಿಲ್ಲಬೇಕು, ಒಮ್ಮೆ ಕತ್ತರಿ ತಪ್ಪಿದರೆ ತೇಪೆ ಹಾಕಲೂ ಚೂರು ಉಳಿಯುವುದಿಲ್ಲ. ಆಕೆ ಹಳೆಯ ಪತ್ರಿಕೆಯ ಮೇಲೆ ಮೂರು ಸಲ ಕತ್ತರಿಸಿ, ಆಮೇಲೆ ಬಟ್ಟೆಗೆ ಕತ್ತರಿ ಹಾಕಿದ್ದಳು. ಇಲ್ಲಿಯವರೆಗೆ ಒಂದು ಖಣವೂ ಕೆಟ್ಟಿಲ್ಲ.

ನಾವಿಬ್ಬರೂ ಮಾತಾಡುವುದು ಇಂಗ್ಲಿಷಿನಲ್ಲಿ, ಇಬ್ಬರದೂ ಹರಕು ಇಂಗ್ಲಿಷು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ ಅಷ್ಟೇ. ಆ ಭಾಷೆಯ 'ಯೂ' ಇದೆಯಲ್ಲ, ಅದು ದೊಡ್ಡ ಚಾದರ. ನೀನು, ನೀವು, ತಾವು ಎಲ್ಲ ಅದರ ಕೆಳಗೆ ಮಲಗುತ್ತವೆ, ಯಾರ ಕಾಲು ಯಾರಿಗೆ ತಾಗಿತು ಗೊತ್ತಾಗುವುದಿಲ್ಲ.

ಪ್ರತಿ ನವೆಂಬರಿನಲ್ಲಿ ಒಂದು ದಿನ ಆಕೆ ಕೇಕು ಮಾಡಿಕೊಂಡು ಬರುತ್ತಿದ್ದಳು. ಗಸಗಸೆ ಅರೆದು ತುಂಬಿ ಸುರುಳಿ ಸುತ್ತಿದ ಕೇಕು. ಮೊದಲ ಸಲ ನಾನು, "ಹುಟ್ಟುಹಬ್ಬಾನಾ? ಎಷ್ಟು ತುಂಬಿತು?" ಅಂತ ಕೇಳಿದ್ದೆ.

"ಹುಟ್ಟುಹಬ್ಬ ಅಲ್ಲ. ನನ್ನ ಹೆಸರಿನ ದಿನ. ನಾಮದಿನಕ್ಕೆ ವಯಸ್ಸು ಕೇಳುವ ಹಾಗಿಲ್ಲ, ಅದೇ ಅದರ ಸುಖ," ಅಂದಿದ್ದಳು.

ಅವರ ಪಂಚಾಂಗದಲ್ಲಿ ಪ್ರತಿ ದಿನಕ್ಕೂ ಎರಡೋ ಮೂರೋ ಹೆಸರು ಇರುತ್ತವೆ, ಹೆಚ್ಚಿನವು ಸಂತರವು. ನಿಮ್ಮ ಹೆಸರು ಬಂದ ದಿನ ನಿಮ್ಮ 'ಇಮ್ಯೆನಿನಿ', ನಾಮದಿನ. ಒಂದೇ ಹೆಸರು ವರ್ಷದಲ್ಲಿ ನಾಲ್ಕಾರು ಸಲ ಬರಬಹುದು, ಆದರೆ ಆಚರಿಸುವುದು ಒಂದನ್ನೇ. ಸಾಮಾನ್ಯವಾಗಿ ಹುಟ್ಟಿದ ದಿನದ ನಂತರ ಮೊದಲು ಬರುವುದನ್ನು, ಇಲ್ಲವೇ ಮನೆಯಲ್ಲಿ ರೂಢಿಯಾದದ್ದನ್ನು. ಕೇಕು ತರುವುದು ನಾಮದಿನದವರ ಕೆಲಸ, ಶುಭ ಹೇಳುವುದು ಉಳಿದವರ ಕೆಲಸ. ಹಳೆಯ ಪದ್ಧತಿಯಲ್ಲಿ ಯಾರನ್ನೂ ಕರೆಯುವುದಿಲ್ಲ, ಗೊತ್ತಿದ್ದವರು ತಾವೇ ಬರುತ್ತಾರೆ, ಮನೆಯವರು ಕಾಫಿ ಇಟ್ಟುಕೊಂಡು ಕಾಯುತ್ತಿರುತ್ತಾರೆ. ಎಲ್ಲ ಕಡೆಯೂ ಹೀಗೆ ಅಲ್ಲವಂತೆ, ಕೆಲವು ಸೀಮೆಯಲ್ಲಿ ಹುಟ್ಟುಹಬ್ಬವೇ ದೊಡ್ಡದು. ಈಗಿನ ಹುಡುಗರಿಗೂ ಹಾಗೇ. ಆದರೆ ಈಕೆ ಪೂರ್ವದ ಕಡೆಯವಳು, ಹಳೆಯ ಕಾಲದವಳು. ಹತ್ತು ವರ್ಷ ನಾವು ಕತ್ತರಿಸುವ ಮೇಜಿನ ಮೇಲೆ ಬಟ್ಟೆ ಸರಿಸಿ ಆ ಕೇಕು ತಿಂದಿದ್ದೇವೆ.

ಹನ್ನೊಂದನೇ ವರ್ಷ ಆ ದಿನ ಮಂಗಳವಾರ ಬಂತು. ನನ್ನ ತಲೆಯಲ್ಲಿ ಇದ್ದದ್ದು ಹದಿನಾಲ್ಕು ಖಣದ ರವಿಕೆ. ಬೆಳಗಾವಿ ಕಡೆಯ ಒಂದು ಮದುವೆ, ಹೆಣ್ಣಿನ ಕಡೆಯ ಹೆಂಗಸರೆಲ್ಲ ಒಂದೇ ಬಣ್ಣದ ಖಣ ತೊಡುವುದೆಂದು ನಿಶ್ಚಯ ಮಾಡಿದ್ದರು. ಎಂಟು ಹೊಲಿಗೆಯಲ್ಲಿದ್ದವು, ಆರಕ್ಕೆ ಇನ್ನೂ ಕತ್ತರಿ ಬಿದ್ದಿರಲಿಲ್ಲ. ಸೋಮವಾರ ಫೋನು ಮಾಡಿ ಹೇಳಿದೆ, "ನಾಳೆ ಬರಬೇಡ, ಬಸ್ಸಿನ ಹೊತ್ತು ಉಳೀತದೆ, ಮನೆಯಲ್ಲೇ ಕೂತು ಹೊಲಿ." ಉಪಕಾರ ಮಾಡಿದೆ ಅಂತಲೇ ತಿಳಿದಿದ್ದೆ. ಆಕೆ "ಓಕೆ" ಅಂದಳು.

ಮಂಗಳವಾರ ಸಂಜೆ ಅಂಗಡಿಯ ಬಾಗಿಲು ಎಳೆಯುವಾಗ ನೆನಪಾಯಿತು. ಕಾಲು ನೋಯುತ್ತಿತ್ತು, ಫೋನು ಮಾಡಿ ಮಾತಾಡುವ ಶಕ್ತಿ ಇರಲಿಲ್ಲ. ಮಗಳು, "ಮಮ್, ಜಸ್ಟ್ ಯೂಸ್ ದಿ ಆ್ಯಪ್," ಅಂದಳು. ಇಂಗ್ಲಿಷಿನಲ್ಲಿ ಬರೆದರೆ ಪೋಲಿಷಿಗೆ ತಿರುಗಿಸುತ್ತದೆ. ಆಕೆಯ ಭಾಷೆಯಲ್ಲೇ ಹೋದರೆ ಖುಷಿಪಡುತ್ತಾಳೆ ಅಂದುಕೊಂಡೆ. ಶುಭಾಶಯ ಬರೆದೆ. ಆಕೆಯ ಅಕ್ಕ ಫೋನಿನಲ್ಲಿ ಕರೆಯುವ ಮುದ್ದಿನ ಹೆಸರು ನನ್ನ ಕಿವಿಗೆ ಬಿದ್ದಿತ್ತು, ಅದನ್ನೂ ಹಾಕಿದೆ. ಹೇಗೂ ಸಂದೇಶ ಹೋಗುತ್ತಿದೆಯಲ್ಲ ಎಂದು ಕೊನೆಗೆ ರವಿಕೆಯ ಮಾತನ್ನೂ ಸೇರಿಸಿದೆ. ಒಂದು ಹೃದಯದ ಚಿತ್ರ. ಕಳಿಸಿದೆ.

ಐದು ನಿಮಿಷದಲ್ಲಿ ಉತ್ತರ ಬಂತು, ಪೋಲಿಷಿನಲ್ಲಿ, ಒಂದೇ ಸಾಲು. ತಿರುಗಿಸಿದರೆ, 'ಶುಭಾಶಯಕ್ಕೆ ನಿಮಗೆ ಧನ್ಯವಾದ.' ನನ್ನ ಯಜಮಾನರಿಗೆ ತೋರಿಸಿದೆ.

"ನೋಡ್ರಿ, ಎಷ್ಟು ಲಗೂನ ಉತ್ತರಾ ಕಳಿಸ್ಯಾಳ."

"ನೀ ಹೃದಯ ಕಳಿಸೀದಿ, ಅಕಿ ಕೊನೀಗೆ ಬರೇ ಒಂದು ಚುಕ್ಕಿ ಇಟ್ಟಾಳ," ಅಂದರು ಅವರು. "ಏನೋ ಬಿಗದೈತಿ."

"ನಿಮಗ ಎಲ್ಲಾ ಬಿಗದಂಗ ಕಾಣಸ್ತದ," ಅಂತ ನಾನು ಫೋನು ತೆಗೆದಿಟ್ಟೆ.

ಶುಕ್ರವಾರ ಆಕೆ ಬರಲಿಲ್ಲ. ಇಂಗ್ಲಿಷಿನಲ್ಲಿ ಸಂದೇಶ ಬಂತು: ಎಂಟು ರವಿಕೆ ಮುಗಿದಿವೆ, ಯಜಮಾನರು ಬಂದು ಒಯ್ಯಲಿ, ಉಳಿದ ಆರು ಖಣ ಚೀಲದಲ್ಲಿ ಹಾಗೇ ಇಟ್ಟಿದ್ದೇನೆ, ಇನ್ನು ಮೇಲೆ ನಿಮ್ಮ ಅಂಗಡಿಗೆ ಹೊಲಿಯುವುದಿಲ್ಲ. ಯಜಮಾನರು ಕಾರಿನಲ್ಲಿ ಹೋಗಿ ತಂದರು.

"ಏನರ ಅಂದಳೇನು?"

"ಏನೂ ಅನಲಿಲ್ಲ. ಬಾಗಲದಾಗನ ಚೀಲ ಕೊಟ್ಲು. ನಾನು ಚಾ ಸಿಗ್ತದೇನೋ ಅಂತ ಹೋಗಿದ್ದೆ."

ರವಿಕೆಗಳನ್ನು ಒಳಹೊರಗೆ ಮಾಡಿ ನೋಡಿದೆ, ಸಿಟ್ಟಿನಲ್ಲಿ ಹೊಲಿದದ್ದು ಎಲ್ಲಾದರೂ ಕಾಣುತ್ತದೋ ಎಂದು. ಒಂದು ಹುಕ್ಕೂ ಸೊಟ್ಟಗಿರಲಿಲ್ಲ. ಅದನ್ನು ನೋಡಿಯೇ ನನಗೆ ಹೆದರಿಕೆ ಹುಟ್ಟಿತು. ಜಗಳ ಆಡುವವರನ್ನು ನಾನು ದಾರಿಗೆ ತರಬಲ್ಲೆ, ದರ ಏರಿಸಿ ಇಳಿಸಿ ಏನಾದರೂ ಮಾಡಬಲ್ಲೆ. ಕೆಲಸ ಅಚ್ಚುಕಟ್ಟಾಗಿ ಮುಗಿಸಿಕೊಟ್ಟು ಹೋಗುವವರ ಹತ್ತಿರ ಚೌಕಾಸಿ ನಡೆಯುವುದಿಲ್ಲ. ನಮ್ಮ ಜನ ಹೆಚ್ಚಿರುವ ಈಸ್ಟ್ ಹ್ಯಾಮಿನಲ್ಲಿ ವಿಚಾರಿಸಿದೆ. ಅಲ್ಲಿಯ ದರ್ಜಿಗಳಿಗೆ ಮದುವೆಯ ಕಾಲ, ಖಣ ಎಂದರೆ 'ಅದೇನು ಬಟ್ಟೆ' ಅಂದರು. ಮದುವೆಗೆ ಎಂಟು ದಿನ ಇತ್ತು. ಆದರೆ ರಾತ್ರಿ ಕಣ್ಣು ಮುಚ್ಚದಿದ್ದದ್ದು ಬರೀ ಆರು ರವಿಕೆಗಾಗಿ ಅಂತ ಹೇಳಿದರೆ ಸುಳ್ಳಾಗುತ್ತದೆ. ಹನ್ನೊಂದು ವರ್ಷ ವಾರಕ್ಕೆರಡು ಸಲ ನನ್ನ ಮುಂದೆ ಕೂತು ಕಾಫಿ ಕುಡಿದವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ.

ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಿ, ಎರಡು ಬೀದಿ ದಾಟಿ ಪೋಲಿಷ್ ಕಿರಾಣಿ ಅಂಗಡಿಗೆ ಹೋದೆ. ಅಲ್ಲಿ ಕೂರುವ ಹೆಂಗಸು ಪರಿಚಯದವಳು. ಆಕೆಯ ಹತ್ತಿರ ಗಸಗಸೆ ಕೊಳ್ಳುತ್ತೇನೆ, ನಮ್ಮವರ ಅಂಗಡಿಗಿಂತ ಅಗ್ಗ. ಫೋನು ಕೊಟ್ಟು, "ಇದರಲ್ಲಿ ಏನು ತಪ್ಪಿದೆ ನೋಡು," ಅಂದೆ.

ಓದಿದಳು. ಹುಬ್ಬು ಮೇಲೆ ಹೋಯಿತು, ಇಳಿಯಲಿಲ್ಲ.

"ಇವರು ನಿನ್ನ ತಂಗಿಯಾ?"

"ಅಲ್ಲ."

"ನಿನ್ನ ಮಗಳಾ? ನಿಮ್ಮ ಮನೆಯ ಬೆಕ್ಕಾ?"

"ಅಲ್ಲ ಮಾರಾಯ್ತಿ, ಅರವತ್ತು ದಾಟಿದ ಹೆಂಗಸು."

"ಮತ್ತೆ 'ನೀನು' ಅಂತ ಯಾಕೆ ಬರೆದೆ? ಮುದ್ದಿನ ಹೆಸರು ಬೇರೆ. 'ಖುಷಿಯಾಗಿರು, ಆರು ಬ್ಲೌಸು ಬೇಗ ಮುಗಿಸು.' ಇದು ಶುಭಾಶಯವಾ, ಕೆಲಸದವಳಿಗೆ ಕೊಟ್ಟ ಚೀಟಿಯಾ?"

"ನಾನು ಬರೆದದ್ದು ಇಂಗ್ಲಿಷಿನಲ್ಲಿ. 'ನೀನು' ಅಂದದ್ದು ಫೋನು."

"ಕಳಿಸಿದ್ದು ಯಾರು?"

ಆಕೆ ಗಿರಾಕಿಗಳ ನಡುವೆ ನಿಂತು ನಿಂತು ವಿವರಿಸಿದಳು. ದೇವರಿಗೆ, ಮಕ್ಕಳಿಗೆ, ಮನೆಯವರಿಗೆ, ಗೆಳೆಯರಿಗೆ 'ನೀನು'. ಹೊರಗಿನ ದೊಡ್ಡವರು ಗಂಡಸಾದರೆ 'ಪಾನ್', ಹೆಂಗಸಾದರೆ 'ಪಾನಿ', ಗಂಡಹೆಂಡತಿ ಇಬ್ಬರನ್ನೂ ಸೇರಿಸಿ ಹೇಳುವಾಗ 'ಪಾಯಿನ್ಸ್ತ್ವೊ'. ಎದುರಿಗೇ ನಿಂತವರನ್ನು 'ಪಾನಿ ಕಾಫಿ ಕುಡಿಯುತ್ತಾರಾ?' ಅಂತ ಯಾರದೋ ವಿಷಯ ಕೇಳಿದಂತೆ ಕೇಳಬೇಕು. ನನಗೆ ಇದು ಹೊಸದೇನಲ್ಲ. ನಮ್ಮ ವಿಜಯಪುರದ ಕಡೆ ಹಿರಿಯರ ಮುಂದೆ ನಿಂತು, 'ಗೌಡ್ರು ಊಟಾ ಮಾಡ್ಯಾರೇನ್ರಿ?' ಅಂತ ಅವರನ್ನೇ ಕೇಳುತ್ತಿದ್ದೆವು. ಗೊತ್ತಿದ್ದದ್ದನ್ನೇ ಈ ಊರಿನಲ್ಲಿ ಮರೆತಿದ್ದೆ.

"'ನೀನು'ಗೆ ಬರಬೇಕಾದರೆ ಯಾರಾದರೂ ಕರೆಯಬೇಕು. ಕರೆಯುವ ಹಕ್ಕು ದೊಡ್ಡವರದು. ನೀನು ಚಿಕ್ಕವಳು, ನಿನಗೆ ಆ ಹಕ್ಕಿಲ್ಲ," ಅಂದಳು ಕಿರಾಣಿಯಾಕೆ.

"ಆದರೆ ಇಂಗ್ಲಿಷಿನಲ್ಲಿ ಹನ್ನೊಂದು ವರ್ಷದಿಂದ ಹೆಸರು ಹಿಡಿದೇ ಕರೀತೀನಿ."

"ಅದು ಬೀದಿ. ಬೀದಿಯಲ್ಲಿ ಎಲ್ಲರೂ ಚಪ್ಪಲಿ ಹಾಕಿರ್ತಾರೆ. ನೀನು ಅವರ ಭಾಷೆಯಲ್ಲಿ ಬರೆದೆ, ಅಂದರೆ ಮನೆಯೊಳಗೆ ಹೋದೆ." ಆಮೇಲೆ ಆಕೆಯ ಉತ್ತರವನ್ನು ಬೆರಳಿನಿಂದ ತೋರಿಸಿದಳು. "ನೋಡಿಲ್ಲಿ. ನೀನು 'ನೀನು' ಅಂದಿದ್ದಕ್ಕೆ ಅವರು ವಾಪಸ್ 'ಪಾನಿ' ಅಂದಿದ್ದಾರೆ. ದೊಡ್ಡ ಅಕ್ಷರದಲ್ಲಿ. ಬೈದಿಲ್ಲ. ಕುರ್ಚಿಯನ್ನು ಬಾಗಿಲಾಚೆ ಹಾಕಿ ಕೂರಿಸಿದ್ದಾರೆ."

ನನಗೆ ಅವ್ವ ನೆನಪಾದಳು. ಅವ್ವ ಓಣಿಯ ಮನೆಗಳಿಗೆ ಕುಪ್ಪಸ ಹೊಲಿಯುತ್ತಿದ್ದಳು. ಅವಳ ಮಗಳ ವಾರಿಗೆಯ ಸೊಸೆಯಂದಿರು ಬಾಗಿಲಲ್ಲಿ ನಿಂತು, 'ಏ ಇಕಿನ, ಆತೇನ ನಂದು?' ಅನ್ನುತ್ತಿದ್ದರು. ಅವ್ವ ಯಾವತ್ತೂ ತಿರುಗಿ ಅನ್ನಲಿಲ್ಲ, 'ಆಗೇದ ಬಾಯಾರ' ಅಂತ ಕೊಟ್ಟುಬಿಡುತ್ತಿದ್ದಳು. ಅವರು ಹೋದ ಮೇಲೆ ಹೊಲಿಗೆ ಯಂತ್ರವನ್ನು ಸುಮ್ಮನೆ ಖಾಲಿ ತುಳಿಯುತ್ತಿದ್ದಳು, ದಾರ ಇಲ್ಲದೆ. ಆ ಸಪ್ಪಳ ಕೇಳಿ ಬೆಳೆದವಳು ನಾನು.

"ಈಗ ಏನು ಮಾಡಬೇಕು ಹೇಳು," ಅಂದೆ.

ಗೋಡೆಯ ಮೇಲಿನ ಕ್ಯಾಲೆಂಡರು ನೋಡಿ ಬೆರಳು ಮಡಚಿ ಎಣಿಸಿದಳು. "ನಾಮದಿನ ಆಗಿ ಎಂಟು ದಿನದ ಒಳಗೆ ಶುಭ ಹೇಳಿದರೆ ನಡೀತದೆ ಅಂತ ಹಳಬರು ಹೇಳ್ತಾರೆ. ನಿನಗೆ ಇನ್ನೂ ಹೊತ್ತಿದೆ. ಹೊಸದಾಗಿ ಬರೆ. ಚಿಕ್ಕದಾಗಿ."

ಆಕೆ ಹೇಳಿದಳು, ನಾನು ರಶೀದಿಯ ಹಿಂದೆ ಅಕ್ಷರ ಅಕ್ಷರ ಬಿಡಿಸಿದೆ. ಬಾಲ ಇರುವ ಅಕ್ಷರಗಳಿಗೆ ಬಾಲ, ಚುಕ್ಕಿ ಇರುವವಕ್ಕೆ ಚುಕ್ಕಿ. ಸಂಬೋಧನೆಗೇ ಹತ್ತು ನಿಮಿಷ ಹಿಡಿಯಿತು. 'ಷಾನೋವ್ನಾ ಪಾನಿ', ಅಂದರೆ ಮಾನ್ಯ ಪಾನಿ, ಅಷ್ಟೇ ಬರೆದರೆ ಆಫೀಸಿನ ಪತ್ರದಂತೆ ತಣ್ಣಗಾಗುತ್ತದಂತೆ. ಪಾನಿಯ ಮುಂದೆ ಮನೆತನದ ಅಡ್ಡಹೆಸರು ಹಾಕಿ ಕರೆದರೆ ಇನ್ನೂ ಕೆಟ್ಟದು, ಗುಮಾಸ್ತ ಸಾಲಿನಲ್ಲಿ ನಿಂತವರನ್ನು ಕೂಗಿದಂತೆ. 'ದ್ರೋಗಾ', ಅಂದರೆ ಪ್ರೀತಿಯ, ಎನ್ನುವುದು ಬೆಚ್ಚಗಿನ ಮಾತು, ಆದರೆ ನಾನು ಈಗಷ್ಟೇ ಸಲಿಗೆ ತೋರಿಸಿ ಕೈ ಸುಟ್ಟುಕೊಂಡವಳು. ಕೊನೆಗೆ ನಡುವಿನ ದಾರಿ: ಮಾನ್ಯ ಪಾನಿ, ಅದರ ಮುಂದೆ ಆಕೆಗೆ ಇಟ್ಟ ಹೆಸರು ಪೂರ್ತಿಯಾಗಿ, ಮುದ್ದಿನದಲ್ಲ. ಕರೆಯುವಾಗ ಹೆಸರಿನ ಕೊನೆಯ 'ಆ' ಹೋಗಿ 'ಓ' ಬರುತ್ತದೆ, ನಾವು ಅಕ್ಕನನ್ನು ಕರೆಯುವಾಗ ಅಕ್ಕಾ ಎಂದು ಎಳೆಯುವ ಹಾಗೆ. ಆಮೇಲೆ ಒಂದು ವಾಕ್ಯ: ತಡವಾದರೂ ಮನಸ್ಸಿನಿಂದ ಬಂದ ನಾಮದಿನದ ಶುಭಾಶಯಗಳನ್ನು ಸ್ವೀಕರಿಸಬೇಕು, ಪಾನಿಗೆ ಆರೋಗ್ಯ, ನೆಮ್ಮದಿ ಮತ್ತು ಸಕಲ ಒಳಿತನ್ನು ಬಯಸುತ್ತೇನೆ. ಕೆಳಗೆ ನನ್ನ ಹೆಸರು, ಬರಿದಾಗಿ.

"ನನ್ನ ಹೆಸರಿನ ಹಿಂದೆ ಪಾನಿ ಬೇಡವಾ?"

"ತನಗೆ ತಾನೇ ಪಾನಿ ಅಂದುಕೊಳ್ಳೋದಿಲ್ಲ ಯಾರೂ. ಅದನ್ನು ಬೇರೆಯವರು ಕೊಡಬೇಕು."

"ಕೊನೆಗೆ ಖಣದ್ದು ಒಂದು ಸಣ್ಣ ಮಾತು? ಮದುವೆ ಮುಂದಿನ ವಾರ."

"ಬೇಡ."

"ಅರ್ಧ ಸಾಲು?"

"ಬೇಡ."

"ಕ್ಷಮಿಸಿ ಅಂತಾದರೂ?"

"ಅದನ್ನು ಬಾಯಲ್ಲಿ ಹೇಳು. ಶುಭಾಶಯದ ಒಳಗೆ ಬೇರೇನೂ ತುಂಬಬೇಡ. ಸೂಟ್‌ಕೇಸಾ ಇದು?"

ನನ್ನ ಆಯುಷ್ಯದಲ್ಲಿ ಮೂರು ಸಲ ಕೇಳಿ ಒಂದು ಪೈಸೆಯೂ ಇಳಿಯದ ವ್ಯಾಪಾರ ಅದೊಂದೇ. ಅಲ್ಲೇ ನಿಂತು ಕಳಿಸಿದೆ. ಅರ್ಧ ಗಂಟೆಯಾದರೂ ಉತ್ತರ ಬರಲಿಲ್ಲ. ಅಂಗಡಿಗೆ ಹೋಗಿ ಮಡಚಿದ ಸೀರೆಗಳನ್ನೇ ಮತ್ತೆ ಮಡಚಿದೆ. ಸಂಜೆ ಐದಕ್ಕೆ ಬಂತು. ಫೋನಿಗೆ ಕೊಡದೆ ಕಿರಾಣಿಯಾಕೆಗೇ ಒಯ್ದು ತೋರಿಸಿದೆ.

"'ಹೃತ್ಪೂರ್ವಕ ಧನ್ಯವಾದ. ನಾಳೆ ಮೂರಕ್ಕೆ ಪಾನಿಯವರನ್ನು ಕಾಫಿಗೆ ಕರೆಯುತ್ತೇನೆ.' ಈ ಸಲದ ಪಾನಿ ಬೇರೆ," ಅಂದಳು. "ಕುರ್ಚಿ ಒಳಗೆ ಬಂತು. ಹೂವು ತಗೊಂಡು ಹೋಗು."

ಹೊರಗೆ ಬಕೆಟ್ಟಿನಲ್ಲಿ ಸೇವಂತಿಗೆ ಅಗ್ಗಕ್ಕೆ ಇತ್ತು, ಹಳದಿ, ನಮ್ಮ ದೇವರಿಗೆ ಏರಿಸುವಂಥದು. ಹತ್ತು ಎತ್ತಿಕೊಂಡೆ. ಆಕೆ ಓಡಿ ಬಂದು ಕಸಿದುಕೊಂಡಳು. "ಇದು ಗೋರಿಗೆ! ನವೆಂಬರಿನಲ್ಲಿ ಸೇವಂತಿಗೆ ಸತ್ತವರಿಗೆ. ಹತ್ತು ಬೇರೆ! ಸಮಸಂಖ್ಯೆಯೂ ಸತ್ತವರಿಗೇ." ಬಾಡದ ಗುಲಾಬಿ ಏಳು ಕೊಟ್ಟಳು, ಕೇಕೂ ಕಟ್ಟಿದಳು. ನಾನು ಚೌಕಾಸಿ ಮಾಡಲಿಲ್ಲ. ದಣಿದಿದ್ದೆ.

ಭಾನುವಾರ ಗ್ರೀನ್‌ಫರ್ಡಿನಲ್ಲಿ ಲಿಫ್ಟು ಕೆಟ್ಟಿತ್ತು. ಮೂರು ಅಂತಸ್ತು ಹತ್ತಿ ಬಾಗಿಲಲ್ಲಿ ಏದುಸಿರು ಬಿಡುತ್ತಾ, ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿದ್ದ ಎರಡು ಮಾತು ಪೋಲಿಷಿನಲ್ಲಿ ಹೇಳಿದೆ: 'ಪಾನಿಯವರಲ್ಲಿ ಕ್ಷಮೆ ಕೇಳುತ್ತೇನೆ.' ಆಕೆ ಹೂವು ತೆಗೆದುಕೊಂಡಳು. ಕಣ್ಣಿನಲ್ಲೇ ಎಣಿಸಿದ್ದು ನನಗೆ ಗೊತ್ತಾಯಿತು.

ಮೇಜಿನ ಮೇಲೆ ಗಸಗಸೆ ಕೇಕಿನ ಅರ್ಧ ಇತ್ತು, ಅಂಚು ಒಣಗಿತ್ತು.

"ಮಂಗಳವಾರ ಮಾಡಿದ್ದು," ಅಂದಳು. "ಸೋಮವಾರ ಗಸಗಸೆ ಅರೆಯುವಾಗ ನಿನ್ನ ಫೋನು ಬಂತು. ಬರಬೇಡ, ಹೊಲಿ ಅಂದೆ. ಮರೆತಿದ್ದಾಳೆ, ಇರಲಿ ಅಂದುಕೊಂಡೆ. ಸಂಜೆ ಆ ಸಂದೇಶ ಬಂತು. ಮರೆತಿದ್ದರೇ ಚೆನ್ನಾಗಿತ್ತು."

"ಫೋನು..." ಅಂತ ಶುರು ಮಾಡಿದೆ. ಬಿಟ್ಟೆ.

"ನಾನು ಇಲ್ಲಿಗೆ ಬಂದು ಮೊದಲು ಹೋಟೆಲಿನ ಕೋಣೆ ಗುಡಿಸಿದೆ. ಆಮೇಲೆ ಲಾಂಡ್ರಿ. ಎಲ್ಲ ಕಡೆ 'ಯೂ'. ಪಾನಿ ಅಂತ ಅನ್ನಿಸಿಕೊಳ್ಳೋದು ಚರ್ಚಿನಲ್ಲಿ, ನಮ್ಮವರ ಅಂಗಡಿಯಲ್ಲಿ, ಅಷ್ಟೇ. ನನ್ನ ಭಾಷೆಯಲ್ಲೂ ಅದು ಹೋಯಿತಲ್ಲ ಅನ್ನಿಸಿತು." ಕಾಫಿ ಬಗ್ಗಿಸಿದಳು. "ನನಗೂ ಸಾಕಾಗಿದೆ. ಕಣ್ಣು ಸೋತಿದೆ."

ನಾನು ತಂದ ಕೇಕು ಬಿಚ್ಚಲಿಲ್ಲ. ಆ ಒಣಗಿದ್ದನ್ನೇ ಇಬ್ಬರೂ ಕಾಫಿಯಲ್ಲಿ ಅದ್ದಿ ತಿಂದೆವು. ಖಣದ ಚೀಲವನ್ನೂ ತಂದಿದ್ದೆ, ಕುರ್ಚಿಯ ಕೆಳಗೆ ಇಟ್ಟುಕೊಂಡಿದ್ದೆ. ಒಂದು ಮಾತೂ ಎತ್ತಲಿಲ್ಲ, ಅದಕ್ಕೆ ಎಷ್ಟು ಶ್ರಮ ಬಿತ್ತು ನನಗೇ ಗೊತ್ತು. ಏಳುವ ಹೊತ್ತಿಗೆ ಆಕೆಯೇ ಕೈ ಚಾಚಿದಳು.

"ಕೊಡು ಆ ಚೀಲ. ಬಂದಾಗಿನಿಂದ ಕಾಲಲ್ಲಿ ಒತ್ತಿ ಬಚ್ಚಿಡ್ತಾ ಇದ್ದೀಯಲ್ಲ, ಕೋಳಿ ಕದ್ದವರ ಹಾಗೆ. ಈ ಆರು ಮುಗಿಸ್ತೀನಿ. ಆಮೇಲೆ ವಾರಕ್ಕೆ ಒಂದೇ ದಿನ, ಮಂಗಳವಾರ. ಖಣ ಮಾತ್ರ. ಫಾಲ್, ಪಿಕೋ ಬೇರೆ ಯಾರಿಗಾದರೂ ಕೊಡು."

"ಎರಡು ದಿನ..."

ನೋಡಿದಳು.

"ಒಂದು ದಿನ," ಅಂದೆ.

ಮದುವೆಗೆ ಹದಿನಾಲ್ಕೂ ರವಿಕೆ ಮುಟ್ಟಿದವು. ಆಕೆ ಈಗ ಮಂಗಳವಾರ ಮಾತ್ರ ಬರುತ್ತಾಳೆ. ಉಳಿದ ದಿನ ಅಂಗಡಿ ಖಾಲಿ ಅನ್ನಿಸುತ್ತದೆ, ಹೊಸದಾಗಿ ಸಿಕ್ಕ ಹುಡುಗಿಯ ಫಾಲು ಜೋಲುತ್ತದೆ, ನಾನು ಕೂತು ಬಿಚ್ಚುತ್ತೇನೆ. 'ನೀನು'ಗೆ ಬಾ ಎಂದು ಆಕೆ ನನ್ನನ್ನು ಕರೆದಿಲ್ಲ, ಕರೆಯುವ ಲಕ್ಷಣವೂ ಇಲ್ಲ. ಆದರೆ ಇಂಗ್ಲಿಷು ಮಾತಾಡುವಾಗಲೂ ಈಗ ನನ್ನ ಹೆಸರಿನ ಹಿಂದೆ ಒಂದು ಪಾನಿ ಸೇರಿಸುತ್ತಾಳೆ, ನಾನೂ ಸೇರಿಸುತ್ತೇನೆ. ಹಿಂದಿ ಬಲ್ಲ ಗಿರಾಕಿಗಳು ನೀರು ಕೇಳುತ್ತಿದ್ದೇವೆ ಅಂದುಕೊಳ್ಳುತ್ತಾರೆ. ಮೊನ್ನೆ ಯಜಮಾನರು ಬಾಗಿಲಲ್ಲಿ ನಿಂತು, "ಪಾನಿಯವರು ಮನೀಗೆ ಬರ್ತಾರೋ ಇಲ್ಲೋ?" ಅಂತ ನನ್ನನ್ನೇ ಕೇಳಿದರು. ಕೆಟ್ಟದೇನೂ ಅನ್ನಿಸಲಿಲ್ಲ.

ಇಲ್ಲಿರುವ ನಮ್ಮವರೇ, ನಿಮ್ಮ ಮನೆ ರಿಪೇರಿಗೆ, ಮಕ್ಕಳನ್ನು ನೋಡಿಕೊಳ್ಳಲಿಕ್ಕೆ, ಆಫೀಸಿನ ಪಕ್ಕದ ಕುರ್ಚಿಯಲ್ಲಿ ಪೋಲಿಷ್ ಜನ ಇದ್ದೇ ಇರುತ್ತಾರೆ, ಅದಕ್ಕೇ ಹೇಳುತ್ತೇನೆ. ನಾಮದಿನ ಯಾವುದೆಂದು ಕ್ಯಾಲೆಂಡರು ನೋಡಿ ಊಹಿಸಬೇಡಿ, ಅವರನ್ನೇ ಒಮ್ಮೆ ಕೇಳಿ ಬರೆದಿಟ್ಟುಕೊಳ್ಳಿ, ವಯಸ್ಸು ಮಾತ್ರ ಕೇಳಬೇಡಿ. ಪೋಲಿಷಿನಲ್ಲಿ ಬರೆಯುವ ಉಮೇದು ಇದ್ದರೆ ಪಾನ್, ಪಾನಿ ದೊಡ್ಡ ಅಕ್ಷರದಲ್ಲಿ ಬರೆಯಿರಿ, ನಿಮ್ಮ ಹೆಸರಿಗೆ ಅದನ್ನು ಹಚ್ಚಿಕೊಳ್ಳಬೇಡಿ, ಕಳಿಸುವ ಮೊದಲು ಆ ಭಾಷೆಯವರೊಬ್ಬರಿಗೆ ತೋರಿಸಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ಇಂಗ್ಲಿಷಿನಲ್ಲೇ ಬರೆಯಿರಿ, ಅದರಲ್ಲಿ ಯಾರ ಮಾನವೂ ಹೋಗುವುದಿಲ್ಲ. ಹೂವು ಬೆಸ ಸಂಖ್ಯೆ, ಸೇವಂತಿಗೆ ಬೇಡ. ಕೆಲಸದ ಮಾತು ಇದ್ದರೆ ಮರುದಿನ ಬೇರೆ ಸಂದೇಶ ಕಳಿಸಿ, ಎರಡನೆಯದಕ್ಕೆ ಫೋನಿನವರು ಹೆಚ್ಚು ತೆಗೆದುಕೊಳ್ಳುವುದಿಲ್ಲ. ಮತ್ತು ನಾಮದಿನದವರಿಗೆ, ಏನೇ ಅವಸರವಿರಲಿ, ಬರಬೇಡ ಎಂದು ಮಾತ್ರ ಹೇಳಬೇಡಿ. ಕೇಕು ಆಗಲೇ ಒಲೆಯೊಳಗೆ ಇರುತ್ತದೆ.